ಬೀಳ್ಕೊಡುಗೆ ಭಾಷಣ: ನಾಲ್ಕು ಪುಟ ಎರಡೂವರೆ ನಿಮಿಷಕ್ಕೆ ಇಳಿದ ಬಗೆ

ನಮ್ಮ ರಾಜ್ಯದ ಸರ್ಕಾರಿ ಶಾಲೆಗಳ ಶಿಕ್ಷಕರು 60 ವರ್ಷ ತುಂಬಿದ ತಿಂಗಳ ಕೊನೆಯ ದಿನ ನಿವೃತ್ತರಾಗುತ್ತಾರೆ. ಅಂದೇ ಸಂಜೆಗೋ ಮುಂದಿನ ಭಾನುವಾರಕ್ಕೋ ಬೀಳ್ಕೊಡುಗೆ ಇರುತ್ತದೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಸನ್ಮಾನ, ಅಭಿನಂದನಾ ಪತ್ರ ವಾಚನ, ಅತಿಥಿಗಳ ಮಾತು, ಅಧ್ಯಕ್ಷರ ಮಾತು, ವಂದನಾರ್ಪಣೆ. ಇವುಗಳ ನಡುವೆ ಎಲ್ಲೋ ಒಂದು ಕಡೆ ‘ಹಳೆಯ ವಿದ್ಯಾರ್ಥಿಗಳಿಂದ ಅನಿಸಿಕೆ’ ಎಂಬ ಒಂದು ಸಾಲು. ಶಾಲು ಹೊದ್ದು, ಹಾರ ಹಾಕಿಸಿಕೊಂಡು ಕೂತಿರುವ ಶಿಕ್ಷಕಿ ಅಂದಿನ ಕಾರ್ಯಕ್ರಮದಲ್ಲಿ ನಿಜವಾಗಿ ಕಾಯುವುದು ಆ ಒಂದು ಸಾಲಿಗೆ. ಉಳಿದವರು ಅವರ ಸೇವೆಯನ್ನು ಹೊಗಳುತ್ತಾರೆ. ಆ ಸೇವೆ ಯಾರಿಗೆ ಸಂದಿತೋ ಅವರು ಮಾತಾಡುವುದು ಅಲ್ಲಿ ಮಾತ್ರ.

ಮಲೆನಾಡಿನ ಒಂದು ಸರ್ಕಾರಿ ಪ್ರೌಢಶಾಲೆಯ ಗಣಿತದ ಮೇಡಂ ನಿವೃತ್ತರಾಗುವಾಗ 2005ರ ಎಸ್ಸೆಸ್ಸೆಲ್ಸಿ ಬ್ಯಾಚಿನವರು ಸಿದ್ಧಪಡಿಸಿದ್ದ ಭಾಷಣ ತಿದ್ದುವುದಕ್ಕೆ ನನ್ನ ಕೈಗೆ ಬಂತು. ನಾಲ್ಕು ಪುಟ ಇತ್ತು. ಓದಿದರೆ ಹನ್ನೊಂದು ನಿಮಿಷ. ಅದು ಎರಡೂವರೆ ನಿಮಿಷಕ್ಕೆ ಇಳಿದ ಬಗೆಯನ್ನೇ ಸೂತ್ರಗಳಾಗಿ ಇಲ್ಲಿ ಕೊಡುತ್ತಿದ್ದೇನೆ.

1. ಬೇರೆ ಶಿಕ್ಷಕರಿಗೂ ಹೊಂದುವ ವಾಕ್ಯಕ್ಕೆ ಗೆರೆ ಹೊಡೆಯಿರಿ

ಮೊದಲ ಕರಡು ಹೀಗೆ ಶುರುವಾಗುತ್ತಿತ್ತು: “ಶಿಕ್ಷಕ ವೃತ್ತಿ ಎಲ್ಲ ವೃತ್ತಿಗಳಿಗಿಂತ ಪವಿತ್ರವಾದದ್ದು. ಗುರುವಿನ ಋಣವನ್ನು ಯಾರೂ ತೀರಿಸಲಾರರು. ನಮ್ಮ ನೆಚ್ಚಿನ ಗಣಿತ ಶಿಕ್ಷಕಿಯವರು ಶಿಸ್ತಿನ ಸಿಪಾಯಿಯಾಗಿದ್ದರು. ತಮ್ಮ ಅಮೋಘ ಬೋಧನೆಯಿಂದ ಸಾವಿರಾರು ವಿದ್ಯಾರ್ಥಿಗಳ ಬಾಳಿಗೆ ಬೆಳಕಾದವರು. ಅವರ ನಿವೃತ್ತಿ ಈ ಶಾಲೆಗೆ ತುಂಬಲಾರದ ನಷ್ಟ.”

ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ‘ಗಣಿತ’ ತೆಗೆದು ‘ಹಿಂದಿ’ ಅಂತ ಹಾಕಿ, ಪಕ್ಕದ ಊರಿನ ಶಾಲೆಯಲ್ಲಿ ಓದಿ, ಒಂದಕ್ಷರ ಬದಲಾಯಿಸಬೇಕಾಗುವುದಿಲ್ಲ. ಪೆನ್ಸಿಲ್ ಹಿಡಿದು ಪ್ರತಿ ವಾಕ್ಯಕ್ಕೂ ಈ ಪ್ರಶ್ನೆ ಹಾಕಿ: ಇದನ್ನು ನಮ್ಮ ಪಿಟಿ ಮೇಷ್ಟ್ರಿಗೂ ಹೇಳಬಹುದೇ? ಹೇಳಬಹುದಾದರೆ ಅಡ್ಡಗೆರೆ ಹೊಡೆಯಿರಿ. ‘ಗುರು ಬ್ರಹ್ಮ’ ಶ್ಲೋಕಕ್ಕೂ ಇದೇ ನಿಯಮ. ಅದನ್ನು ಸ್ವಾಗತ ಮಾಡಿದವರು ಆಗಲೇ ಹೇಳಿರುತ್ತಾರೆ, ಅಧ್ಯಕ್ಷರು ಮತ್ತೆ ಹೇಳುತ್ತಾರೆ.

ಹೀಗೆ ಗೆರೆ ಹೊಡೆಯುತ್ತ ಹೋದಾಗ ಆ ನಾಲ್ಕು ಪುಟದಲ್ಲಿ ಉಳಿದದ್ದು ಮೂರನೇ ಪುಟದ ನಡುವಿನ ಒಂದೇ ವಾಕ್ಯ: “ಮೇಡಂ ಹಸಿರು ಪೆನ್ನಿನಲ್ಲಿ ನೋಟ್‌ಬುಕ್ ತಿದ್ದುತ್ತಿದ್ದುದು ಇಂದಿಗೂ ನೆನಪಿದೆ.” ಬರೆದವರು ಅದನ್ನು ಹೇಳಿ ಮುಂದಕ್ಕೆ ಹೋಗಿಬಿಟ್ಟಿದ್ದರು. ಭಾಷಣ ಇದ್ದದ್ದು ಅಲ್ಲಿ.

2. ‘ಅನಿಸಿಕೆ ಕಳಿಸಿ’ ಎನ್ನಬೇಡಿ, ಪ್ರಶ್ನೆ ಕೇಳಿ

ಬ್ಯಾಚಿನ ಪರವಾಗಿ ಮಾತಾಡುವವರು ಮೊದಲು ಬ್ಯಾಚಿನವರ ಮಾತು ಕೇಳಬೇಕು. ವಾಟ್ಸಾಪ್ ಗುಂಪಿನಲ್ಲಿ “ಮೇಡಂ ಬಗ್ಗೆ ನಿಮ್ಮ ಅನಿಸಿಕೆ ಕಳಿಸಿ” ಎಂದು ಹಾಕಿದರೆ ಕೈಮುಗಿದ ಚಿತ್ರಗಳೂ “ಗ್ರೇಟ್ ಟೀಚರ್” ಎಂಬ ಮಾತೂ ಬರುತ್ತವೆ. ಜನರಿಗೆ ನೆನಪಿಲ್ಲ ಅಂತಲ್ಲ. ಅನಿಸಿಕೆ ಕೇಳಿದರೆ ಎಲ್ಲರೂ ಅಭಿನಂದನಾ ಪತ್ರದ ಭಾಷೆಗೆ ಹೊರಳುತ್ತಾರೆ.

ಈ ಬ್ಯಾಚಿನವರಿಗೆ ಮೂರು ಪ್ರಶ್ನೆ ಕೊಟ್ಟೆವು. ಮೇಡಂ ಕ್ಲಾಸಿಗೆ ಬರುವಾಗ ಕೈಯಲ್ಲಿ ಏನಿರುತ್ತಿತ್ತು? ನಿಮ್ಮ ನೋಟ್‌ಬುಕ್ಕಿನಲ್ಲಿ ಅವರು ಏನಾದರೂ ಬರೆದದ್ದು ನೆನಪಿದೆಯೇ? ಲೆಕ್ಕ ತಪ್ಪಾದಾಗ ಏನು ಮಾಡುತ್ತಿದ್ದರು? ಜೊತೆಗೆ ಇನ್ನೊಂದು ಮಾತು: ಟೈಪ್ ಮಾಡಬೇಡಿ, ದನಿಯಲ್ಲೇ ಹೇಳಿ ಕಳಿಸಿ, ಗುಂಪಿಗೆ ಹಾಕದೆ ಒಬ್ಬರಿಗೇ ಕಳಿಸಿ. ಗುಂಪಿನಲ್ಲಿ ಮೊದಲು ಹೇಳಿದವರ ನೆನಪು ಉಳಿದವರ ನೆನಪನ್ನು ಎಳೆದುಕೊಂಡುಬಿಡುತ್ತದೆ. ಒಬ್ಬೊಬ್ಬರೇ ಹೇಳಿದಾಗ ಯಾವುದು ಮತ್ತೆ ಮತ್ತೆ ಬರುತ್ತದೋ ಅದು ಇಡೀ ಬ್ಯಾಚಿನದು.

ಇಲ್ಲಿ ಬಂದದ್ದು ಇದು. ಮೇಡಂ ತಪ್ಪು ಲೆಕ್ಕಕ್ಕೆ ಕಾಟು ಹಾಕುತ್ತಿರಲಿಲ್ಲ. ಲೆಕ್ಕ ಎಲ್ಲಿಯವರೆಗೆ ಸರಿ ಇದೆಯೋ ಆ ಹಂತದ ಕೆಳಗೆ ಹಸಿರು ಗೆರೆ ಎಳೆದು, ಪಕ್ಕದಲ್ಲಿ ‘ಇಲ್ಲಿವರೆಗೆ ಸರಿ’ ಎಂದು ಬರೆಯುತ್ತಿದ್ದರು. ಹುಡುಗರು ಅಲ್ಲಿಂದ ಮುಂದಕ್ಕೆ ಮಾತ್ರ ಮತ್ತೆ ಮಾಡಿಕೊಂಡು ಬರಬೇಕಿತ್ತು. ಫಸ್ಟ್ ಕ್ಲಾಸ್ ಬಂದವರೂ ಇದನ್ನೇ ಹೇಳಿದರು, ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿದವರೂ ಇದನ್ನೇ ಹೇಳಿದರು. ಗ್ಯಾರೇಜು ಇಟ್ಟಿರುವ ಒಬ್ಬರು, ಹೊಸದಾಗಿ ಕೆಲಸಕ್ಕೆ ಬಂದ ಹುಡುಗ ಎಂಜಿನ್ ಬಿಚ್ಚಿ ಎಡವಟ್ಟು ಮಾಡಿದಾಗ ತಾನೂ ಅದೇ ಮಾತು ಹೇಳುತ್ತೇನೆ ಎಂದರು. ಗಣಿತದ ಉತ್ತರಪತ್ರಿಕೆಯಲ್ಲಿ ಹಂತಕ್ಕೆ ಅಂಕ ಕೊಡುವುದು ಎಲ್ಲ ಕಡೆ ಇರುವ ಪದ್ಧತಿ. ಆದರೆ ದಿನನಿತ್ಯದ ನೋಟ್‌ಬುಕ್ಕಿನಲ್ಲೂ ಅದನ್ನು ನಡೆಸಿ, ಸರಿ ಇರುವುದನ್ನು ಬಾಯಿಬಿಟ್ಟು ‘ಸರಿ’ ಎಂದದ್ದು ಈ ಮೇಡಂ ಮಾತ್ರ.

3. ಒಂದೇ ನೆನಪು ಸಾಕು

ಉಳಿದ ನೆನಪುಗಳೂ ಚೆನ್ನಾಗಿದ್ದವು. ಪರೀಕ್ಷೆಗೆ ಮುಂಚೆ ಬೆಳಿಗ್ಗೆ ನಡೆಸುತ್ತಿದ್ದ ಹೆಚ್ಚುವರಿ ತರಗತಿ, ಪ್ರವಾಸದಲ್ಲಿ ಹಾಡಿದ್ದು, ಮಳೆಗಾಲದಲ್ಲಿ ಬಸ್ಸು ತಪ್ಪಿದ ಹುಡುಗಿಯರನ್ನು ಮನೆಯಲ್ಲಿ ಉಳಿಸಿಕೊಂಡದ್ದು. ಎಲ್ಲವನ್ನೂ ಸೇರಿಸಿದರೆ ಪ್ರತಿಯೊಂದಕ್ಕೂ ಒಂದೊಂದು ವಾಕ್ಯ ಸಿಗುತ್ತದೆ, ಅಷ್ಟೇ. ಕೇಳುವವರ ಕಣ್ಣಿಗೆ ಏನೂ ಕಟ್ಟುವುದಿಲ್ಲ. ಒಂದನ್ನೇ ಹಿಡಿದರೆ ಆ ಗೆರೆ, ಆ ಪೆನ್ನಿನ ಬಣ್ಣ, ಯಾವ ಲೆಕ್ಕ, ಎಷ್ಟನೇ ಸಾಲು ಎಂಬುದನ್ನೆಲ್ಲ ಹೇಳುವುದಕ್ಕೆ ಸಮಯ ಇರುತ್ತದೆ.

1921ರಲ್ಲಿ ಸರ್ವೇಪಲ್ಲಿ ರಾಧಾಕೃಷ್ಣನ್ ಮೈಸೂರಿನ ಮಹಾರಾಜ ಕಾಲೇಜು ಬಿಟ್ಟು ಕಲ್ಕತ್ತಾ ವಿಶ್ವವಿದ್ಯಾಲಯಕ್ಕೆ ಹೊರಟಾಗ, ವಿದ್ಯಾರ್ಥಿಗಳು ಗಾಡಿಯ ಕುದುರೆಗಳನ್ನು ಬಿಚ್ಚಿ, ತಾವೇ ಅದನ್ನು ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದರು. ಮೈಸೂರಿನ ಜನ ಇವತ್ತಿಗೂ ಹೇಳುವುದು ಆ ಗಾಡಿಯ ಕಥೆಯನ್ನು. ಆ ಸಂದರ್ಭದಲ್ಲಿ ಯಾರು ಯಾವ ಮಾತಾಡಿದರು ಎಂಬುದನ್ನು ಯಾರೂ ಹೇಳುವುದಿಲ್ಲ. ಕಣ್ಣಿಗೆ ಕಾಣುವ ಒಂದು ಕೆಲಸ ಇಡೀ ಗೌರವವನ್ನು ಹೊತ್ತುಕೊಂಡಿದೆ. ನಿಮ್ಮ ಭಾಷಣಕ್ಕೂ ಬೇಕಾದದ್ದು ಅಂಥದ್ದೊಂದು. ಶಿಕ್ಷಕರು ಕೈಯಾರೆ ಮಾಡಿದ, ನೀವು ಕಣ್ಣಾರೆ ಕಂಡ ಕೆಲಸ.

ಬಿಟ್ಟ ನೆನಪುಗಳು ಹಾಳಾಗುವುದಿಲ್ಲ. ಒಬ್ಬೊಬ್ಬರೂ ತಮ್ಮದನ್ನು ಒಂದು ಹಾಳೆಯಲ್ಲಿ ಕೈಬರಹದಲ್ಲೇ ಬರೆದು ಕೊಡಲಿ. ಆ ಹಾಳೆಗಳನ್ನು ಒಟ್ಟಿಗೆ ಹೊಲಿದು ಮೇಡಂ ಕೈಗೆ ಕೊಡಿ. ವೇದಿಕೆಯ ಮೇಲೆ ಒಬ್ಬರೇ ಮಾತಾಡಲಿ.

4. ‘ಅವರು’ ಹೋಗಲಿ, ‘ನೀವು’ ಬರಲಿ

ಇಡೀ ತಿದ್ದುಪಡಿಯಲ್ಲಿ ಅತಿ ಹೆಚ್ಚು ಕೆಲಸ ಮಾಡಿದ್ದು ಈ ಒಂದು ಬದಲಾವಣೆ. ಮೇಡಂ ನಾಲ್ಕು ಅಡಿ ದೂರದಲ್ಲಿ ಕೂತಿದ್ದಾರೆ. ಭಾಷಣಕಾರರು ಸಭೆಯ ಕಡೆ ತಿರುಗಿ “ಅವರು ತುಂಬಾ ಚೆನ್ನಾಗಿ ಪಾಠ ಮಾಡುತ್ತಿದ್ದರು” ಎನ್ನುತ್ತಾರೆ. ಅವರ ಬಗ್ಗೆ ಬೇರೆಯವರಿಗೆ ಹೇಳಿದಂತಾಯಿತು, ಅವರಿಗೆ ಏನೂ ಹೇಳಿದಂತಾಗಲಿಲ್ಲ. “ನೀವು ಹಸಿರು ಪೆನ್ನು ಹಿಡೀತಿದ್ರಿ” ಎಂದ ತಕ್ಷಣ ಮಾತಾಡುವವರ ಮುಖ ತಾನಾಗಿ ಮೇಡಂ ಕಡೆ ತಿರುಗುತ್ತದೆ, ದನಿ ಇಳಿಯುತ್ತದೆ. ಹೊಗಳಿಕೆಯ ದೊಡ್ಡ ದೊಡ್ಡ ಮಾತುಗಳು ತಾವಾಗಿಯೇ ಉದುರುತ್ತವೆ, ಏಕೆಂದರೆ ಎದುರಿಗೆ ಕೂತವರ ಕಣ್ಣು ನೋಡಿ “ನೀವು ಅಮೋಘ ಬೋಧನೆಯಿಂದ ಬಾಳಿಗೆ ಬೆಳಕಾದಿರಿ” ಎನ್ನಲು ಯಾರ ನಾಲಿಗೆಯೂ ಏಳುವುದಿಲ್ಲ.

ಇದರ ಜೊತೆಗೇ ನೋಡಬೇಕಾದದ್ದು, ಶ್ರದ್ಧಾಂಜಲಿ ಸಭೆಯಿಂದ ಬಂದು ಸೇರಿಕೊಂಡ ಮಾತುಗಳು. ‘ತುಂಬಲಾರದ ನಷ್ಟ’, ‘ಅವರ ನೆನಪು ಚಿರಸ್ಥಾಯಿ’, ‘ನಮ್ಮ ನಡುವೆ ಇದ್ದ ಅಪರೂಪದ ವ್ಯಕ್ತಿ’. ಮೇಡಂಗೆ 60 ತುಂಬಿದೆ ಅಷ್ಟೇ. ನಾಳೆ ಬೆಳಿಗ್ಗೆ ಸಂತೆಗೆ ಹೋಗುತ್ತಾರೆ, ಪಿಂಚಣಿ ಕಾಗದಕ್ಕೆ ಓಡಾಡುತ್ತಾರೆ. ಅವರನ್ನು ಕುರಿತು “ಒಳ್ಳೆಯ ಶಿಕ್ಷಕಿಯಾಗಿದ್ದರು” ಎನ್ನಬೇಡಿ. ಅವರು ಈಗಲೂ ಒಳ್ಳೆಯ ಶಿಕ್ಷಕಿಯೇ.

5. ಸಂಬೋಧನೆ ಒಂದು ಉಸಿರಿನಲ್ಲಿ ಮುಗಿಯಲಿ

ಮೊದಲ ಕರಡಿನಲ್ಲಿ ಸಭಾಧ್ಯಕ್ಷರಿಂದ ಹಿಡಿದು ಎಸ್‌ಡಿಎಂಸಿ ಸದಸ್ಯರವರೆಗೆ ಮುಕ್ಕಾಲು ಪುಟ ಹೆಸರುಗಳಿದ್ದವು. ಸ್ವಾಗತ ಭಾಷಣದವರು ಅದನ್ನು ಹೂವು ಕೊಟ್ಟು ಮುಗಿಸಿರುತ್ತಾರೆ. ಮುಖ್ಯ ಶಿಕ್ಷಕರಿಗೂ ವೇದಿಕೆಯ ಹಿರಿಯರಿಗೂ ಒಟ್ಟಾಗಿ ಒಂದು ನಮಸ್ಕಾರ ಹೇಳಿ. ಹೆಸರು ಹಿಡಿದರೆ ಒಬ್ಬರ ಹೆಸರು ಬಿಟ್ಟುಹೋಗುತ್ತದೆ, ಆಮೇಲೆ ಊಟದ ಪಂಕ್ತಿಯಲ್ಲಿ ಅದೇ ಮಾತಾಗುತ್ತದೆ.

6. ಬಿಡಲೇಬೇಕಾದ ಮೂರು ವಿಷಯ

ಮೊದಲನೆಯದು ಏಟು. “ಮೇಡಂ ಬೆತ್ತದ ಏಟಿನಿಂದಲೇ ನಾವು ಮನುಷ್ಯರಾದೆವು” ಎಂಬ ಮಾತು ಇಂಥ ಸಭೆಗಳಲ್ಲಿ ಚಪ್ಪಾಳೆ ಗಿಟ್ಟಿಸುತ್ತದೆ. ಈ ಕರಡಿನಲ್ಲೂ ಇತ್ತು. ತೆಗೆಸಿದೆ. ಸಭೆಯಲ್ಲಿ ಇವತ್ತಿನ ಮಕ್ಕಳು ಕೂತಿರುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಏಟು ತಿಂದು ಶಾಲೆಯನ್ನೇ ಬಿಟ್ಟವರು ಯಾವುದಾದರೂ ಬ್ಯಾಚಿನಲ್ಲಿ ಇದ್ದರೆ ಅವರಿಗೆ ಈ ಮಾತು ಹೇಗೆ ಕೇಳಿಸುತ್ತದೆ ಎಂದು ಯೋಚಿಸಿ. ಇಷ್ಟು ವರ್ಷದ ದುಡಿಮೆಯ ಕೊನೆಯ ದಿನ ಒಬ್ಬ ಶಿಕ್ಷಕಿ ತನ್ನ ಬೆತ್ತಕ್ಕಾಗಿ ನೆನಪಾಗಬೇಕೆಂದು ಬಯಸುವುದೂ ಇಲ್ಲ.

ಎರಡನೆಯದು ಗುಟ್ಟಿನ ಉಪಕಾರ. ಯಾರಿಗೋ ಪರೀಕ್ಷಾ ಶುಲ್ಕ ಕಟ್ಟಿದ್ದು, ಯಾರಿಗೋ ಸಮವಸ್ತ್ರ ಹೊಲಿಸಿದ್ದು ಇಂಥ ಹೊತ್ತಿನಲ್ಲಿ ಹೊರಗೆ ಬರುತ್ತದೆ. ಉಪಕಾರ ಪಡೆದವರು ತಾವೇ ಹೇಳಿಕೊಂಡರೆ ಅದಕ್ಕಿಂತ ದೊಡ್ಡ ಮಾತಿಲ್ಲ. ಅವರ ಒಪ್ಪಿಗೆಯಿಲ್ಲದೆ ಇನ್ನೊಬ್ಬರು ಹೇಳಿದರೆ ಸಭೆಯ ಎದುರು ಅವರ ಬಡತನವನ್ನು ಬಿಚ್ಚಿಟ್ಟಂತೆ. ಮೇಡಂ ಅದನ್ನು ಗುಟ್ಟಾಗಿ ಮಾಡಿದ್ದೇ ಆ ಕಾರಣಕ್ಕೆ. ಈ ಬ್ಯಾಚಿನಲ್ಲಿ ಅಂಥ ಒಬ್ಬರಿದ್ದರು. ಅವರನ್ನು ಕೇಳಿದಾಗ “ಬೇಡ, ನಾನೇ ಮನೆಗೆ ಹೋಗಿ ಹೇಳ್ತೀನಿ” ಎಂದರು. ಅದು ಭಾಷಣದಿಂದ ಹೊರಗೆ ಉಳಿಯಿತು.

ಮೂರನೆಯದು ದೊಡ್ಡವರಾದವರ ಪಟ್ಟಿ. “ನಮ್ಮ ಬ್ಯಾಚಿನಿಂದ ಇಷ್ಟು ಜನ ಎಂಜಿನಿಯರುಗಳು, ಇಬ್ಬರು ವೈದ್ಯರು, ಒಬ್ಬರು ಅಮೆರಿಕದಲ್ಲಿ...” ಹೀಗೆ ಅರ್ಧ ಪುಟ ಇತ್ತು. ಪಟ್ಟಿಯಲ್ಲಿ ಇಲ್ಲದವರೂ ಅದೇ ಬೆಂಚಿನಲ್ಲಿ ಕೂತವರು, ಅಂದು ಕುರ್ಚಿ ಹಾಕಿದವರು, ಊಟ ಬಡಿಸಲು ನಿಂತವರು ಅವರೇ. ಮೇಡಂ ಪಾಠ ಮಾಡಿದ್ದು ಎಲ್ಲರಿಗೂ. ಹೆಸರು, ಹುದ್ದೆ ಬಿಟ್ಟು ಎಲ್ಲರನ್ನೂ ಒಂದೇ ವಾಕ್ಯಕ್ಕೆ ತನ್ನಿ.

7. ಬಾಯಲ್ಲಿ ಬರೆಯಿರಿ, ಗಡಿಯಾರ ಇಟ್ಟು ಓದಿ

‘ಧಾರೆಯೆರೆದ’, ‘ಮಾರ್ಗದರ್ಶನಗೈದ’ ಎಂಬ ಮಾತು ಮೇಡಂ ಮನೆಗೆ ಹೋದಾಗ ನೀವು ಆಡುವುದಿಲ್ಲ. ಅಲ್ಲಿ ಹೇಗೆ ಮಾತಾಡುತ್ತೀರೋ ಹಾಗೆಯೇ ಬರೆಯಿರಿ. ಧಾರವಾಡದ ಕಡೆಯವರು ತಮ್ಮ ಅಕ್ಕೋರಿಗೆ ತಮ್ಮ ಮಾತಿನಲ್ಲೇ ಹೇಳಲಿ, ಮಂಗಳೂರಿನವರು ತಮ್ಮ ಟೀಚರಿಗೆ ತಮ್ಮ ಕನ್ನಡದಲ್ಲೇ ಹೇಳಲಿ. ಸುಲಭದ ದಾರಿ ಎಂದರೆ ಮೊದಲು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಆಮೇಲೆ ಕೇಳಿಸಿಕೊಂಡು ಬರೆಯುವುದು.

ನಿಧಾನವಾಗಿ, ನಿಲ್ಲಿಸಿ ನಿಲ್ಲಿಸಿ ಹೇಳಿದರೆ ನಿಮಿಷಕ್ಕೆ ಸುಮಾರು 80 ಪದ ಸಾಗುತ್ತದೆ. ಎರಡೂವರೆ ನಿಮಿಷಕ್ಕೆ 200 ಪದದೊಳಗೆ ಇರಲಿ. ನಿಂತುಕೊಂಡು, ಗಟ್ಟಿಯಾಗಿ, ಗಡಿಯಾರ ನೋಡಿ ಓದಿ. ಕೂತು ಮನಸ್ಸಿನಲ್ಲೇ ಓದಿದ ಲೆಕ್ಕ ವೇದಿಕೆಯ ಮೇಲೆ ಸುಳ್ಳಾಗುತ್ತದೆ. ಉಸಿರು ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ವಾಕ್ಯ ಉದ್ದವಾಗಿದೆ, ಎರಡಾಗಿ ಮುರಿಯಿರಿ.

8. ಹೊಸ ಭಾಷಣ ಹೀಗಾಯಿತು

“ಹೆಡ್ ಮಾಸ್ಟರಿಗೆ, ವೇದಿಕೆ ಮೇಲಿರೋ ಹಿರಿಯರಿಗೆಲ್ಲ ನಮಸ್ಕಾರ. ಇನ್ನು ನಾನು ಮಾತಾಡೋದು ಮೇಡಂ ಹತ್ರ.

ಮೇಡಂ, ನಾವು 2005ರ ಬ್ಯಾಚು. ನೀವು ನಮ್ಮ ನೋಟ್‌ಬುಕ್ಕು ತಿದ್ದೋವಾಗ ಹಸಿರು ಪೆನ್ನು ಹಿಡೀತಿದ್ರಿ. ಲೆಕ್ಕ ತಪ್ಪಾಗಿದ್ರೆ ಕಾಟು ಹಾಕ್ತಿರಲಿಲ್ಲ. ಎಲ್ಲಿವರೆಗೆ ಸರಿ ಇದೆಯೋ ಅಲ್ಲಿಗೊಂದು ಗೆರೆ ಎಳೆದು, ಪಕ್ಕದಲ್ಲಿ ‘ಇಲ್ಲಿವರೆಗೆ ಸರಿ’ ಅಂತ ಬರೀತಿದ್ರಿ.

ನನಗೆ ಲೆಕ್ಕ ಅಂದ್ರೆ ಭಯ. ಒಂದು ಸಲ ವರ್ಗ ಸಮೀಕರಣದ ಲೆಕ್ಕ ಕೊಟ್ಟಿದ್ರಿ. ನಾನು ಬರೆದದ್ದರಲ್ಲಿ ಮೊದಲನೇ ಸಾಲು ಬಿಟ್ಟು ಉಳಿದದ್ದೆಲ್ಲ ತಪ್ಪು. ನೀವು ಆ ಮೊದಲನೇ ಸಾಲಿನ ಕೆಳಗೆ ಗೆರೆ ಎಳೆದು ಅದೇ ಮಾತು ಬರೆದಿದ್ರಿ. ಒಂದೇ ಸಾಲು ಮೇಡಂ. ಆದ್ರೂ ಬರೆದಿದ್ರಿ. ಅವತ್ತು ಮನೆಗೆ ಹೋಗಿ ಕೂತು ಎರಡನೇ ಸಾಲು ಮಾಡಿದೆ.

ನಮ್ಮಲ್ಲಿ ಫಸ್ಟ್ ಕ್ಲಾಸ್ ಬಂದವರು ಇದ್ದೀವಿ, ಫೇಲಾಗಿ ಮತ್ತೆ ಕಟ್ಟಿದವರು ಇದ್ದೀವಿ. ತೋಟ, ಅಂಗಡಿ, ಗ್ಯಾರೇಜು, ಆಫೀಸು ಅಂತ ಎಲ್ಲೆಲ್ಲೋ ಇದ್ದೀವಿ. ಈ ಸಲ ಒಬ್ಬೊಬ್ಬರನ್ನೇ ಕೇಳಿದೆ. ಆ ಹಸಿರು ಗೆರೆಯನ್ನ ಯಾರೂ ಮರೆತಿಲ್ಲ.

ನಾನೀಗ ಸೊಸೈಟಿಯಲ್ಲಿ ಲೆಕ್ಕ ಬರೀತೀನಿ. ಸಂಜೆ ಮಗಳ ಹೋಮ್‌ವರ್ಕ್ ನೋಡ್ತೀನಿ. ತಪ್ಪಿದ್ದಾಗ ಮೊದಲು ಎಲ್ಲಿವರೆಗೆ ಸರಿ ಇದೆ ಅಂತ ಹುಡುಕ್ತೀನಿ. ಅದು ನೀವು ಕಲಿಸಿದ್ದು.

ನಾಳೆಯಿಂದ ನಿಮ್ಮ ಮೇಜಿನ ಮೇಲೆ ನೋಟ್‌ಬುಕ್ಕಿನ ರಾಶಿ ಇರಲ್ಲ. ಹಾಗಾಗಿ ಒಂದು ಬೇಡಿಕೆ. ನಮ್ಮ ಮನೆಗಳಿಗೆ ಬನ್ನಿ ಮೇಡಂ. ನಮ್ಮ ಮಕ್ಕಳ ನೋಟ್‌ಬುಕ್ಕಲ್ಲೂ ಒಂದು ಸಲ ಬರೀರಿ.

ಬ್ಯಾಚಿನವರೆಲ್ಲ ಎದ್ದು ನಿಲ್ಲಿ.

ನಮಸ್ತೇ ಮೇಡಂ.”

ಇದರಲ್ಲಿ ‘ಋಣ’ ಇಲ್ಲ, ‘ಕೃತಜ್ಞತೆ’ ಇಲ್ಲ, ‘ಧನ್ಯವಾದ’ವೂ ಇಲ್ಲ. ಎರಡನೇ ಸಾಲು ಮಾಡಿದೆ ಎಂಬ ವಾಕ್ಯ ಅವನ್ನೆಲ್ಲ ಹೇಳಿಬಿಡುತ್ತದೆ. ಕೊನೆಯಲ್ಲಿ ಆಯುರಾರೋಗ್ಯ ಐಶ್ವರ್ಯದ ಹಾರೈಕೆ ಬೇಕೇ ಎಂದು ಬ್ಯಾಚಿನವರು ಕೇಳಿದರು. ಹಾರೈಕೆಯನ್ನು ಎಲ್ಲರೂ ಮಾಡುತ್ತಾರೆ. ನಿವೃತ್ತರಾದವರಿಗೆ ಬೇಕಾಗುವುದು ಯಾರಾದರೂ ಇನ್ನೂ ತಮ್ಮಿಂದ ಏನನ್ನಾದರೂ ಕೇಳುವುದು. ಅದಕ್ಕೇ ಬೇಡಿಕೆ. ಆದರೆ ನಡೆಸಿಕೊಡುವ ಬೇಡಿಕೆ ಆಗಿರಬೇಕು. ಮುಂದಿನ ತಿಂಗಳ ಯಾವ ದಿನ, ಯಾರ ಮನೆಗೆ, ಯಾರು ಹೋಗಿ ಕರೆದುಕೊಂಡು ಬರುತ್ತಾರೆ ಎಂಬುದನ್ನು ವೇದಿಕೆ ಹತ್ತುವ ಮೊದಲೇ ಗೊತ್ತುಮಾಡಿಕೊಳ್ಳಿ.

9. ಗಂಟಲು ಕಟ್ಟುವ ಜಾಗ ಮೊದಲೇ ಗೊತ್ತಿರಲಿ

ಮನೆಯಲ್ಲಿ ಗಟ್ಟಿಯಾಗಿ ಓದುವಾಗ ಯಾವ ಸಾಲಿನಲ್ಲಿ ದನಿ ನಡುಗುತ್ತದೋ ವೇದಿಕೆಯ ಮೇಲೂ ಅಲ್ಲೇ ನಡುಗುತ್ತದೆ. ಈ ಭಾಷಣದಲ್ಲಿ ಅದು “ಒಂದೇ ಸಾಲು ಮೇಡಂ” ಎಂಬಲ್ಲಿ. ಹಾಳೆಯಲ್ಲಿ ಅದರ ಮುಂದೆ ಒಂದು ಸಾಲು ಖಾಲಿ ಬಿಡಿ. ಅಲ್ಲಿ ನಿಲ್ಲಿ, ಉಸಿರು ತೆಗೆದುಕೊಳ್ಳಿ, ಬೇಕಾದರೆ ನೀರು ಕುಡಿಯಿರಿ. ಸಭೆ ಕಾಯುತ್ತದೆ. ಮುಂದಿನ ವಾಕ್ಯ ಚಿಕ್ಕದಾಗಿದ್ದರೆ ದನಿ ಮರಳಿ ಬರುತ್ತದೆ. ಉದ್ದವಾಗಿದ್ದರೆ ನಡುವೆಯೇ ಮುರಿದುಬೀಳುತ್ತದೆ.

ಅಕ್ಷರ ದೊಡ್ಡದಾಗಿ, ಹಾಳೆಯ ಒಂದೇ ಬದಿಗೆ ಮುದ್ರಿಸಿಕೊಳ್ಳಿ. ಫೋನು ನೋಡಿ ಓದಬೇಡಿ. ಪರದೆ ಆರಿಹೋಗುತ್ತದೆ, ಇಲ್ಲವೇ ಕರೆ ಬರುತ್ತದೆ. ಬಾಯಿಪಾಠ ಮಾಡಿದ್ದರೂ ಹಾಳೆ ಕೈಯಲ್ಲಿರಲಿ. ಇನ್ನೊಂದು ಪ್ರತಿ ಬ್ಯಾಚಿನ ಮತ್ತೊಬ್ಬರ ಹತ್ತಿರ ಇರಲಿ. ತೀರಾ ಆಗದಿದ್ದರೆ ಅವರು ಎದ್ದು ಬಂದು ಪಕ್ಕದಲ್ಲಿ ನಿಂತು ಮುಂದುವರಿಸಲಿ.

10. ಒಂದು ಪ್ರತಿ ಮೇಡಂ ಕೈಗೆ

ಅಂದು ಅವರ ಸುತ್ತ ಹಾರ, ಫೋಟೊ, ನೆಂಟರು, ಮೈಕಿನ ಗದ್ದಲ ಇರುತ್ತದೆ. ಅರ್ಧ ಮಾತು ಕಿವಿಗೆ ಬಿದ್ದಿರುವುದಿಲ್ಲ. ಭಾಷಣದ ಪ್ರತಿಯನ್ನು ಕೈಬರಹದಲ್ಲಿ ಬರೆದು, ಕೆಳಗೆ ಬ್ಯಾಚಿನ ಎಲ್ಲರೂ ರುಜು ಹಾಕಿ, ಬಿಡಿ ಲಕೋಟೆಯಲ್ಲಿ ಕೊಡಿ. ನೆನಪಿನ ಕಾಣಿಕೆಯ ಪೆಟ್ಟಿಗೆಯೊಳಗೆ ಸೇರಿಸಬೇಡಿ, ಅದನ್ನು ಬಿಚ್ಚಲು ವಾರ ಹಿಡಿಯಬಹುದು. ಊರಿಗೆ ಬರಲಾಗದವರ ರುಜುವಿಗೆ ಜಾಗ ಬಿಟ್ಟಿರಿ. ಅವರು ರಜೆಗೆ ಬಂದಾಗ ಮೇಡಂ ಮನೆಗೇ ಹೋಗಿ ಹಾಕಲಿ.